ಏಳೋ, ಒಂದೋ, ನಾಲ್ಕೋ

1
ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ಮನೆಗಳ ಹಳೆಯ ಕಿರ್ದಿ ಪುಸ್ತಕ. ಅಕ್ಷರ ಓದಲು ಬರುತ್ತದೆ. ಅಂಕಿಯಲ್ಲಿ ಕಣ್ಣು ನಿಲ್ಲುತ್ತದೆ.

2
1ರ ತಲೆಗೆ ಉದ್ದ ಗೀಟು ಎಳೆದರೆ 7. 7ರ ನಡುವೆ ಅಡ್ಡಗೆರೆ ಹಾಕುವ ರೂಢಿಯಿದ್ದರೆ 4. 4ರ ಎಡಗೆರೆ ಮಸುಕಾದರೆ 1. ಕನ್ನಡ ಅಂಕಿಯಲ್ಲಿ ಬರೆದ ಪುಟಗಳಲ್ಲಿ ಈ ತೊಡಕಿಲ್ಲ. ಅಲ್ಲಿ ೦ ಮತ್ತು ೧, ೬ ಮತ್ತು ೭ ಕಾಡುತ್ತವೆ.

3
ತಾರೀಖಿನ ಸಾಲನ್ನು ಮೊದಲು ನೋಡಬೇಕು. 13 ಆದ ಮೇಲೆ 14, 16 ಆದ ಮೇಲೆ 17. ಇವುಗಳಲ್ಲಿ ಅನುಮಾನವಿಲ್ಲ. ಬರೆದವರ ಕೈಯ 1, 4, 7 ಹೇಗಿದೆ ಎಂಬುದು ಅಲ್ಲೇ ಸಿಗುತ್ತದೆ. ಒಂದೇ ಪುಟದಲ್ಲಿ ಎರಡು ಬಗೆಯ 4 ಬರೆದವರೂ ಇದ್ದಾರೆ.

4
ದಿನದ ಕೊನೆಗೆ ಉಳಿದ ಶಿಲ್ಕು ಮರುದಿನದ ಮೊದಲ ಸಾಲಿನಲ್ಲಿ ಮತ್ತೆ ಬರುತ್ತದೆ. ಅದೇ ಮೊತ್ತ, ಅದೇ ಕೈ, ಇನ್ನೊಂದು ಸಲ. ಒಂದು ಕಡೆ ಶಾಯಿ ಹರಡಿದ್ದರೆ ಇನ್ನೊಂದು ಕಡೆ ನಿಂತಿರುತ್ತದೆ.

5
7ರಲ್ಲಿ 1 ಕಳೆದರೆ 6. 7ರಲ್ಲಿ 4 ಕಳೆದರೆ 3. 4ರಲ್ಲಿ 1 ಕಳೆದರೂ 3. ಒಂದೇ ಅಂಕಿ ತಪ್ಪಿ ಓದಿದ್ದರೆ ಕೂಡಿಸಿದ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ 3, 6, 30, 60, 300, 600 ಹೀಗೆ ವ್ಯತ್ಯಾಸ ಬೀಳಬೇಕು. ಎಷ್ಟು ಸೊನ್ನೆ ಎಂಬುದರಿಂದ ಬಿಡಿ, ಹತ್ತು, ನೂರು ಯಾವ ಸ್ಥಾನ ಎಂದು ತಿಳಿಯುತ್ತದೆ.

ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಅದು ಬೇರೆ ತಪ್ಪು.

6
ಉದಾಹರಣೆಗೆ ನಾನೇ ಕಟ್ಟಿಕೊಂಡ ಒಂದು ಪುಟ. ತೂಕ ಕಿಲೋದಲ್ಲಿ. ಮೊದಲ ಓದು ಹೀಗೆ:

ಚಾಲಿ 326
ರಾಶಿ 738
ಬೆಟ್ಟೆ 48
ಕೆಂಪುಗೋಟು 82
ಬಿಳೆಗೋಟು 45

ಕೂಡಿಸಿದರೆ 1239. ಪುಟದ ಕೆಳಗೆ ಬರೆದದ್ದು 939. ಆ ಮೂರಂಕಿಯಲ್ಲಿ 1, 4, 7 ಯಾವುದೂ ಇಲ್ಲ, ಅದನ್ನು ನಂಬಬಹುದು. ವ್ಯತ್ಯಾಸ 300, ಅಂದರೆ ನೂರರ ಸ್ಥಾನ. ಅಲ್ಲಿರುವುದು ಚಾಲಿಯ 3 ಮತ್ತು ರಾಶಿಯ 7, ಎರಡೇ. 3ರ ಮೇಲೆ ಅನುಮಾನವಿಲ್ಲ. ರಾಶಿ 438.

7
ಮೊತ್ತ ಸರಿಹೋಯಿತು. ಓದು ಸರಿಯಾಯಿತೇ?

ಬೆಟ್ಟೆ 48, ಬಿಳೆಗೋಟು 45. ಎರಡೂ ಸೇರಿ 93. ಬೆಟ್ಟೆ 78, ಬಿಳೆಗೋಟು 15 ಇದ್ದರೂ 93. ಒಂದು ಕಡೆ 7 ಹೋಗಿ 4, ಇನ್ನೊಂದು ಕಡೆ 1 ಹೋಗಿ 4. ಏರಿದ ಮೂವತ್ತು, ಇಳಿದ ಮೂವತ್ತು. ಕೆಳಗಿನ ಮೊತ್ತಕ್ಕೆ ಇದು ಕಾಣುವುದೇ ಇಲ್ಲ.

ಪಕ್ಕದ ಸಾಲಿನಲ್ಲಿ ಹಣವಿದೆ. ಬೆಟ್ಟೆಗೆ ಕಿಲೋಗೆ 5 ರೂಪಾಯಿ, ಹಣ 390. 48 ಆಗಿದ್ದರೆ 240 ಬರಬೇಕಿತ್ತು. 78 ಸರಿ. ಬಿಳೆಗೋಟಿಗೆ 3 ರೂಪಾಯಿ, ಹಣ 45. ತೂಕ 15.

ಎರಡರ ದರವೂ ಒಂದೇ ಆಗಿದ್ದು, ಹಣವನ್ನು ಒಟ್ಟಾಗಿ ಮಾತ್ರ ಬರೆದಿದ್ದರೆ ಇದೂ ನಡೆಯುತ್ತಿರಲಿಲ್ಲ.

8
1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅದಕ್ಕೂ ಹಿಂದಿನ ಪುಟಗಳಲ್ಲಿ ರೂಪಾಯಿ, ಆಣೆ, ಪೈ. ಆಣೆಯ ಸಾಲಿನಲ್ಲಿ 15ಕ್ಕಿಂತ ಹೆಚ್ಚು ಬರುವುದಿಲ್ಲ, ಪೈ ಸಾಲಿನಲ್ಲಿ 11ಕ್ಕಿಂತ ಹೆಚ್ಚು ಬರುವುದಿಲ್ಲ. ಆಣೆಯಲ್ಲಿ ಎರಡಂಕಿ ಕಂಡರೆ ಮೊದಲನೆಯದು 1. ಎರಡನೆಯದು 1 ಅಥವಾ 4 ಆಗಬಹುದು, 7 ಆಗದು. ಒಂಟಿ ಅಂಕಿಯಾದರೆ ಮೂರೂ ಆಗಬಹುದು.

9
ಆಣೆಯ ವ್ಯತ್ಯಾಸವನ್ನು ಆಣೆಯಲ್ಲೇ ಲೆಕ್ಕ ಹಾಕಬೇಕು. ಕೂಡಿಸಿದ್ದು 12 ರೂಪಾಯಿ 2 ಆಣೆ, ಪುಸ್ತಕದಲ್ಲಿ 11 ರೂಪಾಯಿ 12 ಆಣೆ. ನೋಡಿದರೆ ಎರಡು ಸಾಲೂ ತಪ್ಪಿದಂತೆ ಕಾಣುತ್ತದೆ. ವ್ಯತ್ಯಾಸ 6 ಆಣೆ.

10
ಪುಸ್ತಕದ ಮೇಲೆ ಇಸವಿ: 1941, 1944 ಅಥವಾ 1947. ವಾರ ಬರೆದಿದ್ದರೆ 1944 ಪಕ್ಕಕ್ಕೆ ಸರಿಯುತ್ತದೆ, ಅದು ಶನಿವಾರ ಶುರುವಾದ ವರ್ಷ. 1941, 1947 ಎರಡೂ ಬುಧವಾರ ಶುರುವಾದವು. ಇಡೀ ವರ್ಷ ತಾರೀಖು, ವಾರ ಎರಡರಲ್ಲೂ ಒಂದೇ. ಕ್ಯಾಲೆಂಡರು ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಸಂವತ್ಸರದ ಹೆಸರು ಬರುತ್ತದೆ. ಯುಗಾದಿ ಕಳೆದ ಮೇಲೆ 1941 ವೃಷ, 1944 ತಾರಣ, 1947 ಸರ್ವಜಿತ್. ಯುಗಾದಿಗೆ ಮುಂಚಿನ ಪುಟವಾದರೆ ಒಂದು ಹಿಂದಿನ ಹೆಸರು ಇರುತ್ತದೆ.

11
ಭೂಮಿ ಯೋಜನೆಗೆ ಮೊದಲಿನ ಪಹಣಿಯಲ್ಲೂ ಇದೇ ತೊಡಕು, ಅದು ಕೈಬರಹದ್ದು. 40 ಗುಂಟೆಗೆ ಒಂದು ಎಕರೆ. ಗುಂಟೆಯ ಸಾಲಿನಲ್ಲಿ 47, 77 ಇರಲಾರವು. ಎರಡಂಕಿಯಿದ್ದು ಮೊದಲನೆಯದು ಈ ಮೂರರಲ್ಲಿ ಒಂದಾದರೆ ಅದು 1. ಎರಡನೆಯದಕ್ಕೆ ಈ ನಿಯಮ ಇಲ್ಲ: 11, 14, 17 ಮೂರೂ ಉಂಟು. ಹಿಸ್ಸೆಗಳ ವಿಸ್ತೀರ್ಣ ಕೂಡಿಸಿ ಇಡೀ ನಂಬರಿನ ವಿಸ್ತೀರ್ಣಕ್ಕೆ ಹೋಲಿಸಬೇಕು.

12
ಸರ್ವೆ ನಂಬರನ್ನು ಯಾರೂ ಕೂಡಿಸುವುದಿಲ್ಲ. ಅದಕ್ಕೆ ಕೆಳಗೆ ಮೊತ್ತವಿಲ್ಲ. 114, 117, 174 ಮೂರೂ ಒಂದೇ ಊರಿನಲ್ಲಿ ಇರಬಹುದು. ಚಕ್ಕುಬಂದಿ ಓದಬೇಕು, ಪಕ್ಕದ ಜಮೀನಿನ ನಂಬರು ನೋಡಬೇಕು, ಊರಿನ ನಕ್ಷೆ ತೆಗೆಯಬೇಕು. ಪಕ್ಕದ ನಂಬರಿನಲ್ಲೂ ಒಂದು 7 ಇದ್ದರೆ ಅದರ ಪಕ್ಕದ್ದು.