ಮಾತಿಲ್ಲದ ಚಿತ್ರದ ಶಬ್ದಪಟ್ಟಿ

ಸಂಭಾಷಣೆಯೇ ಇಲ್ಲದ ನಮ್ಮ ಕಿರುಚಿತ್ರಕ್ಕೆ, ಸಂಕಲನಕ್ಕೆ ಮೊದಲೇ, ಶಬ್ದಗಳ ಪಟ್ಟಿಯನ್ನು ಬರೆಯುತ್ತ ಕುಳಿತಿರುವಾಗ ಈಗಷ್ಟೆ ಹೊಳೆದದ್ದಿದು: ಹೆಜ್ಜೆಯ ಸಪ್ಪಳ, ಸೀರೆಯ ಸರಸರ ಮೊದಲಾದ ಫೋಲಿ ಶಬ್ದಗಳನ್ನು ಮುಂದೆ ತೆರೆಯನ್ನು ನೋಡುತ್ತಲೇ ಸೃಷ್ಟಿಸಬಹುದಾದರೂ, ಚಿತ್ರ ನಡೆಯುವ ಅಡುಗೆಮನೆಯ ನಿರ್ಜನ ಮೌನವನ್ನು, ಫ್ರಿಜ್ಜಿನ ಗುಂಯ್‌ಗುಡುವಿಕೆಯೊಡನೆ, ಅಲ್ಲಿಯೇ ಒಂದೆರಡು ನಿಮಿಷ ಮುದ್ರಿಸಿಕೊಳ್ಳದಿದ್ದರೆ ಪ್ರತಿಯೊಂದು ಕಟ್‌ನಲ್ಲಿಯೂ ಹಿನ್ನೆಲೆ ಹಾರಿದಂತೆ ಕೇಳಿಸುವುದು. ಅದಕ್ಕಿಂತಲೂ ಮುಖ್ಯವಾದುವು ತೆರೆಯಾಚೆಯ ಶಬ್ದಗಳು. ಗೇಟಿನ ಚಿಲಕ ಸದ್ದಾಗಿ ನಮ್ಮ ಚಿತ್ರದ ಮುದುಕಿ ತಲೆಯೆತ್ತುವಳೆಂದು ಪಟ್ಟಿಯಲ್ಲಿದ್ದರೆ ಸಂಕಲನಕಾರನು ಆಕೆಯ ಮುಖದ ಮೇಲೆ ಎರಡು ಸೆಕೆಂಡು ಹೆಚ್ಚು ನಿಲ್ಲುವನು, ಗೇಟಿನ ಶಾಟ್ ಬೇಡವೇ ಆಗುವುದು. ಇಲ್ಲದಿದ್ದರೆ ಆ ಎಡೆಯನ್ನು ಬರಿದೆಂದು ಬಗೆದು (ಅವನ ತಪ್ಪೇನೂ ಅಲ್ಲ) ಕತ್ತರಿಸಿಬಿಡುವನು. ನೀವಾದರೆ ತೆರೆಯಾಚೆಯ ಶಬ್ದಗಳಿಗೆ ಬೇರೆ ಅಂಕಣವನ್ನೇ ಇಡುವಿರಾ?