ಢಂ ಅನ್ನದ ಆಕಾಶಬುಟ್ಟಿ

ಹೋದ ದೀಪಾವಳಿಗೆ ಸಾಸ್ವೆಹಳ್ಳಿಯಲ್ಲಿ ನನ್ನ ಮಾವನ ಮಗ, ಹತ್ತದ ಹೂಕುಂಡವನ್ನು ಬಗ್ಗಿ ನೋಡಲು ಹೋಗಿ ಬೆರಳು ಸುಟ್ಟುಕೊಂಡಿದ್ದ. ಈ ಸಲ ಆಕಾಶಬುಟ್ಟಿ ಮಾಡೋಣ ಅಂದೆ. "ಅದು ಢಂ ಅನ್ನಲ್ವಲ್ಲಣ್ಣ" ಅಂತ ಮುಖ ಊದಿಸಿದ.

ಒಂದಡಿ ಉದ್ದದ 12 ಬಿದಿರು ಕಡ್ಡಿಗಳನ್ನು ದಾರದಲ್ಲಿ ಕಟ್ಟಿ ಪೆಟ್ಟಿಗೆಯಂಥ ಗೂಡು ಮಾಡಿದ್ವಿ. ನಾಲ್ಕು ಬದಿಗೆ ಗಾಳಿಪಟದ ಹಾಳೆ ಅಂಟಿಸಿ, ಮೇಲೆ ಕೆಳಗೆ ತೆರೆದೇ ಬಿಟ್ವಿ. ಹಳೇ 60 ವ್ಯಾಟ್ ಬಲ್ಬ್ ಹಾಕಿದ್ರೆ ಹಾಳೆ ಕಂದಾಗತೊಡಗಿತು. ಆ ಬಲ್ಬಿಗೆ ಹೋಗೋ ಕರೆಂಟಿನ ಬಹುಪಾಲು ಬೆಳಕಾಗಲ್ಲ, ಬಿಸಿಯಾಗುತ್ತೆ. 5 ವ್ಯಾಟ್ ಎಲ್‌ಇಡಿ ಹಾಕಿದ್ಮೇಲೆ ಸರಿಹೋಯ್ತು. ವೈರು, ಹೋಲ್ಡರ್ ಕೆಲಸ ನಂದು, ಸ್ವಿಚ್ ಅವನದು.

ಪಕ್ಕದ ಮನೆ ಪಟಾಕಿ ಸದ್ದು ನಿಂತ ಮೇಲೆ ಅಂಗಳಕ್ಕೆ ಓಡಿ ನೋಡಿ ಬಂದ. "ಅಣ್ಣ, ನಮ್ಮದು ಇನ್ನೂ ಉರೀತಿದೆ!"