ರೆಸ್ಯೂಮೆ ತಿದ್ದುವ ಮೊದಲು

‘ಅಣ್ಣಾ, ನನ್ನ ರೆಸ್ಯೂಮೆ ಸ್ವಲ್ಪ ಚಲೋ ಮಾಡಿಕೊಡ್ರಿ.’ ನೋಯ್ಡಾದಲ್ಲಿ ಅಕೌಂಟ್ಸ್ ಕೆಲಸದಲ್ಲಿರುವ ಹುಬ್ಬಳ್ಳಿಯ ಹುಡುಗಿ ಗುರುಗ್ರಾಮದ ಪರಿಚಿತರಿಗೆ ಇಷ್ಟೇ ಬರೆದು ಫೈಲ್ ಕಳಿಸಿದಳು. ಅವರು ಫಾಂಟ್ ಮುಟ್ಟಲಿಲ್ಲ. ‘ಯಾವ ಕೆಲಸಕ್ಕೆ? ಜಾಹೀರಾತು ಕಳಿಸಮ್ಮ’ ಎಂದರು.

ಜಾಹೀರಾತು ನೋಡಿದರೆ, ಗುರುಗ್ರಾಮದ ಆ ಕಂಪನಿಗೆ ಬೇಕಿದ್ದದ್ದು ಜಿಎಸ್‌ಟಿ ಲೆಕ್ಕ ತಾಳೆ ನೋಡುವವರು. ಇವಳ ಎರಡು ಪುಟದಲ್ಲಿ ಅದಕ್ಕಿದ್ದದ್ದು ಒಂದೇ ಸಾಲು: ‘ಜಿಎಸ್‌ಟಿ ಕೆಲಸ ನಿರ್ವಹಣೆ’. ಮುಂದಿನ ಪ್ರಶ್ನೆಗಳೆಲ್ಲ ಆ ಸಾಲಿನ ಮೇಲೆಯೇ. ತಿಂಗಳಿಗೆ ಎಷ್ಟು ಬಿಲ್? ಯಾವುದರ ಜೊತೆ ತಾಳೆ? ತಾಳೆಯಾಗದಿದ್ದರೆ ಏನು ಮಾಡುತ್ತಿದ್ದೆ? ಉತ್ತರಗಳು ಸೇರಿ ಹೊಸ ಸಾಲಾಯಿತು: ‘ತಿಂಗಳಿಗೆ ಸುಮಾರು 300 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಬಿಟ್ಟುಹೋದವನ್ನು ಮಾರಾಟಗಾರರು ಸೇರಿಸುವಂತೆ ಮಾಡುವುದು’. 2ಬಿಯಲ್ಲಿ ಬಿಲ್ ಕಾಣದಿದ್ದರೆ ಕಂಪನಿಗೆ ಆ ತೆರಿಗೆಯ ಕ್ರೆಡಿಟ್ ಸಿಗದು. ಹಾಗಾಗಿ ಓದುವವರ ಕಣ್ಣು ಇಲ್ಲಿ ನಿಲ್ಲುತ್ತದೆ. 300 ಎಂಬುದು ಅವಳು ತಿಂಗಳ ಫೈಲ್ ತೆರೆದು ಎಣಿಸಿ ಹೇಳಿದ್ದು. ಅಷ್ಟು ಮಾಡಲೇಬೇಕು, ಸಂದರ್ಶನದಲ್ಲಿ ಕೆದಕುವುದೇ ಆ ಅಂಕಿಯನ್ನು.

ಆಮೇಲೆ ಇನ್ನೆರಡು ಪ್ರಶ್ನೆ. ಯಾವಾಗ ಸೇರಬಲ್ಲೆ? ದಿನಾ ಗುರುಗ್ರಾಮಕ್ಕೆ ಬರುತ್ತೀಯಾ, ಮನೆ ಬದಲಿಸುತ್ತೀಯಾ? ನೋಟಿಸ್ ಪೀರಿಯಡ್ ಹೆಸರಿನ ಕೆಳಗೇ ಬಂತು. ತಂದೆಯ ಹೆಸರು, ಶಾಲೆಯ ಬಹುಮಾನಗಳು ಹೋದವು. ಉಳಿದದ್ದು ಒಂದು ಪುಟ.